ಓನರೇ ಎಲ್ಲವೂ ಆಗಿರುವ ಅಂಗಡಿಯಲ್ಲಿ ರಜೆ ಚೀಟಿ ಬರೆಯುವುದು ಹೇಗೆ

ದೊಡ್ಡ ಕಂಪನಿಯಲ್ಲಿ ರಜೆ ಬೇಕಾದರೆ ಫೋನಿನಲ್ಲೇ ಒಂದು ಅರ್ಜಿ ಹಾಕಿದರೆ ಆಯಿತು. ಎಸ್‌.ಜೆ.ಪಿ. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೋ, ಚಿಕ್ಕಪೇಟೆಯ ಸೀರೆ ಹೋಲ್‌ಸೇಲ್‌ನಲ್ಲೋ, ಪೀಣ್ಯದ ಹತ್ತು ಜನರ ವರ್ಕ್‌ಶಾಪಿನಲ್ಲೋ ಕೆಲಸ ಮಾಡುವವರಿಗೆ ಅದೆಲ್ಲ ಇಲ್ಲ. ಅಲ್ಲಿ ರಜೆ ಕೇಳುವುದು ಬಾಯಿಮಾತಿನಲ್ಲೇ. "ಅಣ್ಣಾ, ಮುಂದಿನ ತಿಂಗಳು ತಂಗಿ ಮದುವೆ ಇದೆ, ನಾಲ್ಕು ದಿನ ಊರಿಗೆ ಹೋಗ್ಬೇಕಿತ್ತು" ಅಂತ ನೀವು ಹೇಳುತ್ತೀರಿ, ಅವರು ಗಿರಾಕಿ ಕಡೆ ನೋಡುತ್ತಾ "ಆಯ್ತಪ್ಪಾ, ನೋಡೋಣ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಇಂಥ ಅಂಗಡಿಗಳಲ್ಲಿ ಯಜಮಾನರು ಅಂದರೆ ಒಬ್ಬರೇ ಅಲ್ಲ. ರಜೆ ಕೊಡುವವರು ದೊಡ್ಡ ಯಜಮಾನರು, ದಿನದ ಕೆಲಸ ನಡೆಸುವವನು ಅವರ ಮಗ, ಒಂದನೇ ತಾರೀಕು ಸಂಬಳ ಲೆಕ್ಕ ಹಾಕುವವರು ಮನೆಯ ಅಮ್ಮನವರು. ನೀವು ಹೇಳಿದ್ದು ಒಬ್ಬರಿಗೆ ಮಾತ್ರ. ಹೊರಡುವ ಹಿಂದಿನ ದಿನ ಮಗ "ನನಗೆ ಯಾರೂ ಹೇಳೇ ಇಲ್ವಲ್ಲ" ಅನ್ನುತ್ತಾನೆ. ಊರಿಂದ ಬಂದ ಮೇಲೆ ಸಂಬಳದಲ್ಲಿ ಐದು ದಿನದ ದುಡ್ಡು ಕಟ್ ಆಗಿರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೇ ಮಾತು ಮೂರು ಜನರಿಗೂ ತಲುಪಿಲ್ಲ, ಅಷ್ಟೇ. ನಾನು ಇಂಥ ಕೆಲವು ಅಂಗಡಿಗಳ ಲೆಕ್ಕಪತ್ರ ನೋಡುತ್ತೇನೆ, ಹಾಗಾಗಿ ಈ ಜಗಳವನ್ನು ಎರಡೂ ಕಡೆಯಿಂದ ಕೇಳಿದ್ದೇನೆ. ಒಂದು ಹಾಳೆಯ ಚೀಟಿ ಇದ್ದಿದ್ದರೆ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ.

ಹೇಗೆ ಬರೆಯಬೇಕು ಅಂತ ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಎಸ್‌.ಜೆ.ಪಿ. ರಸ್ತೆಯಲ್ಲಿ ವೈರು, ಸ್ವಿಚ್ಚು, ಫ್ಯಾನು ಮಾರುವ ಅಂಗಡಿ ಅಂದುಕೊಳ್ಳಿ. ಯಜಮಾನರು, ಅವರ ಹೆಂಡತಿ, ಮಗ, ಆರು ಜನ ಕೆಲಸದವರು. ನೀವು ಬಿಲ್ಲಿಂಗ್ ಮಾಡುತ್ತೀರಿ, ಟ್ಯಾಲಿ ನೋಡುತ್ತೀರಿ, ಜಿಎಸ್‌ಟಿಗೆ ಬೇಕಾದ ಲೆಕ್ಕ ತೆಗೆದು ಆಡಿಟರ್‌ಗೆ ಕಳಿಸುತ್ತೀರಿ. ಭಾನುವಾರ ಅಂಗಡಿಗೆ ರಜೆ. ತಿಪಟೂರಿನಲ್ಲಿ ನಿಮ್ಮ ತಂಗಿಯ ಮದುವೆ, 2026ರ ಏಪ್ರಿಲ್ 23, ಗುರುವಾರ.

ಮೊದಲು ತಾರೀಕು ಕೂಡಿಸಿ

ಮದುವೆ ದಿನ ನಿಮ್ಮ ಕೈಯಲ್ಲಿಲ್ಲ, ಸರಿ. ಆದರೆ ಯಾವತ್ತು ಹೊರಡುವುದು, ಯಾವತ್ತು ಬರುವುದು ನಿಮ್ಮ ಕೈಯಲ್ಲಿದೆ. ಅದನ್ನು ಅಂಗಡಿಯ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅಂಗಡಿಗೆ ಎರಡು ತಾರೀಕು ಬಿಸಿ ತಾರೀಕು. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ. ಮೊದಲನೆಯದು ತಡವಾದರೆ ನಿಮ್ಮಿಂದ ಮಾಲು ತಗೊಂಡ ಪಾರ್ಟಿಗಳಿಗೆ ಆ ತಿಂಗಳ ಟ್ಯಾಕ್ಸ್ ಕ್ರೆಡಿಟ್ ಕಾಣುವುದಿಲ್ಲ, ಅವರು ಯಜಮಾನರಿಗೇ ಫೋನ್ ಹಚ್ಚುತ್ತಾರೆ. ಎರಡನೆಯದು ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ರಜೆ ಅಂದ ತಕ್ಷಣ ಯಜಮಾನರ ಮುಖ ಗಂಟಾಗುವುದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಈ ಭಯಕ್ಕೆ.

ನಮ್ಮ ಉದಾಹರಣೆಯಲ್ಲಿ ಏಪ್ರಿಲ್ 22 ಬುಧವಾರ ಹೊರಟರೆ 20ನೇ ತಾರೀಕು ದಾಟಿರುತ್ತದೆ. 25 ಶನಿವಾರದವರೆಗೆ ರಜೆ, 26 ಭಾನುವಾರ ಹೇಗೂ ಅಂಗಡಿ ಮುಚ್ಚಿರುತ್ತದೆ, 27 ಸೋಮವಾರ ವಾಪಸ್. ಊರಲ್ಲಿ ಐದು ದಿನ ಸಿಕ್ಕಿತು, ಕೇಳಿದ್ದು ನಾಲ್ಕೇ ದಿನ. ನಿಮ್ಮದು ಬೇರೆ ಥರದ ಅಂಗಡಿ ಆಗಿದ್ದರೆ ಅಲ್ಲಿನ ಬಿಸಿ ದಿನಗಳು ಬೇರೆ ಇರುತ್ತವೆ. ಸೀರೆ ಅಂಗಡಿಗೆ ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಎರಡು ವಾರ, ಪಟ್ಟಿ ಪುಸ್ತಕದ ಅಂಗಡಿಗೆ ಶಾಲೆ ಶುರುವಾಗುವ ಮೇ ಕೊನೆ, ಜೂನ್. ಅಂಥ ದಿನಗಳಲ್ಲೇ ರಜೆ ಬೇಕಾಗಿ ಬಂದರೆ ಚೀಟಿಯಲ್ಲಿ ಕೆಲಸದ ಏರ್ಪಾಡಿನ ಭಾಗ ಇನ್ನೂ ಗಟ್ಟಿ ಇರಬೇಕು.

ಯಾವಾಗ ಹೇಳುವುದು, ಯಾವಾಗ ಕೊಡುವುದು

ಬಾಯಲ್ಲಿ ಹೇಳದೆ ನೇರ ಚೀಟಿ ಕೊಡಬೇಡಿ. ಕುಟುಂಬದ ಅಂಗಡಿಯಲ್ಲಿ ಹಾಗೆ ಕೊಟ್ಟರೆ "ಏನಪ್ಪಾ, ನನ್ನ ಹತ್ರ ಮಾತಾಡೋಕೆ ಆಗ್ಲಿಲ್ವಾ?" ಅನ್ನಿಸುತ್ತದೆ, ಕೆಲವರಿಗೆ ಇದು ಕೆಲಸ ಬಿಡುವ ಸೂಚನೆ ಥರ ಕಾಣುತ್ತದೆ. ಮೊದಲು ಮಾತು, ಅದೇ ದಿನ ಚೀಟಿ. ಎರಡರ ನಡುವೆ ದಿನ ಬಿಟ್ಟರೆ ಆ ಮಾತು ಮರೆತೇ ಹೋಗಿರುತ್ತದೆ.

ಹೊತ್ತು ನೋಡಿ ಹೇಳಿ. ಮಾರ್ಚ್ 30, 31ರಂದು ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಏಪ್ರಿಲ್ ರಜೆಯ ಮಾತು ತೆಗೆದರೆ ಕೆಲಸ ಕೆಡುತ್ತದೆ. ಶನಿವಾರ ಸಂಜೆಯೂ ಬೇಡ, ಕಲೆಕ್ಷನ್ ಎಣಿಸುತ್ತಿರುತ್ತಾರೆ. ನಮ್ಮ ಉದಾಹರಣೆಗೆ ಏಪ್ರಿಲ್ 2, ಗುರುವಾರ ಒಳ್ಳೆಯ ದಿನ. ವರ್ಷದ ಕೊನೆ ಮುಗಿದಿದೆ, 11ನೇ ತಾರೀಕಿಗೆ ಇನ್ನೂ ಟೈಮ್ ಇದೆ, ಮದುವೆಗೆ ಮೂರು ವಾರ ಇದೆ. ಬೆಳಿಗ್ಗೆ ದೇವರ ಫೋಟೋಗೆ ಊದುಬತ್ತಿ ಹಚ್ಚಿ ಅವರು ಗಲ್ಲಾದ ಮುಂದೆ ಕೂತು ಕಾಫಿ ಕುಡಿಯುವ ಆ ಹತ್ತು ಹದಿನೈದು ನಿಮಿಷ ಸಾಕು. ಲಗ್ನಪತ್ರಿಕೆ ಅಚ್ಚಾಗಿದ್ದರೆ ಅದನ್ನೂ ಅರಿಶಿನ ಕುಂಕುಮ ಹಚ್ಚಿ ಜೊತೆಗೆ ಕೊಡಿ. ಅಚ್ಚಾಗಿಲ್ಲ ಅಂತ ಚೀಟಿ ತಡ ಮಾಡಬೇಡಿ, ಪತ್ರಿಕೆ ಆಮೇಲೆ ಮನೆಗೇ ಹೋಗಿ ಕೊಡಬಹುದು.

ಯಾರ ಹೆಸರಿಗೆ

ಮಾತು ದಿನಾ ಮಗನ ಜೊತೆಯೇ ಆಗುತ್ತಿದ್ದರೂ ಚೀಟಿ ದೊಡ್ಡವರ ಹೆಸರಿಗೆ ಇರಲಿ, ಅಂದರೆ ಅಂಗಡಿ ಲೈಸೆನ್ಸು ಯಾರ ಹೆಸರಲ್ಲಿದೆಯೋ, ಚೆಕ್ಕಿಗೆ ಯಾರು ಸಹಿ ಹಾಕುತ್ತಾರೋ ಅವರಿಗೆ. ಮಗನಿಗೂ ಅಮ್ಮನವರಿಗೂ ಪ್ರತಿ ಅಂತ ಕೆಳಗೆ ಒಂದು ಸಾಲು ಬರೆಯಿರಿ. ಹೀಗೆ ಮಾಡಿದರೆ ಯಾರಿಗೂ ತಮ್ಮನ್ನು ದಾಟಿ ಹೋದರು ಅನ್ನಿಸುವುದಿಲ್ಲ. ದಿನಾ ಅಣ್ಣ ಅಂತ ಕರೆಯುವವರಿಗೆ ಚೀಟಿಯಲ್ಲಿ ಇದ್ದಕ್ಕಿದ್ದಂತೆ "ಮಾನ್ಯರೇ" ಅಂತ ಬರೆದರೆ ಓದುವವರಿಗೆ ಒಂಥರಾ ಆಗುತ್ತದೆ. ಮೇಲೆ ವಿಳಾಸದಲ್ಲಿ ಶ್ರೀ ಹಾಕಿ ಪೂರ್ತಿ ಹೆಸರು, ಒಳಗೆ "ಅಣ್ಣನವರಿಗೆ ನಮಸ್ಕಾರ". ಸರ್ ಅನ್ನುವ ರೂಢಿ ಇದ್ದರೆ ಸರ್ ಅಂತಲೇ ಬರೆಯಿರಿ.

ಚೀಟಿಯ ಜೀವ ಕೆಲಸದ ಏರ್ಪಾಡಿನ ಭಾಗದಲ್ಲಿದೆ

ಕಾರಣವನ್ನು ಒಂದು ಪುಟ ಬರೆದು ಕೆಲಸದ ಬಗ್ಗೆ "ಯಾವುದೇ ತೊಂದರೆ ಆಗದಂತೆ ನೋಡಿಕೊಳ್ಳುತ್ತೇನೆ" ಅಂತ ಒಂದೇ ಸಾಲು ಬರೆಯುವವರು ಜಾಸ್ತಿ. ಅದನ್ನು ತಿರುಗಿಸಿ. ಕಾರಣಕ್ಕೆ ಎರಡು ಸಾಲು ಸಾಕು, ತಂಗಿ ಮದುವೆ ಅಂದರೆ ಯಾರಿಗಾದರೂ ಅರ್ಥ ಆಗುತ್ತದೆ. ಯಜಮಾನರ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ: ಆ ನಾಲ್ಕು ದಿನ ಕಂಪ್ಯೂಟರ್ ಮುಂದೆ ಯಾರು ಕೂರುತ್ತಾರೆ? ಬೇರೆ ಕಡೆಯಿಂದ ಜನ ಕಳಿಸುವ ಡಿಪಾರ್ಟ್‌ಮೆಂಟ್ ಅವರಿಗಿಲ್ಲ. ನೀವು ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಅವರೋ ಅವರ ಮಗನೋ ಕೂರಬೇಕು.

ಹಾಗಾಗಿ ಬರೆಯುವ ಮುಂಚೆ ನಿಮ್ಮ ಕೆಲಸವನ್ನು ಸುಮ್ನೆ ಒಂದು ಕಾಗದದ ಮೇಲೆ ಬಿಡಿಸಿ ನೋಡಿ. ಕೆಲವು ಮುಂಚೆಯೇ ಮುಗಿಸಬಹುದಾದದ್ದು: 3ಬಿಗೆ ಬೇಕಾದ ಅಂಕಿಗಳು 20ರ ಬದಲು 16ಕ್ಕೇ ಆಡಿಟರ್‌ಗೆ ಹೋಗಲಿ. ಕೆಲವು ಬೇರೆಯವರು ಮಾಡಬಹುದಾದದ್ದು: ಕೌಂಟರ್ ಹುಡುಗನಿಗೆ ಬಿಲ್ ಹೊಡೆಯುವುದು ಅರ್ಧ ಗೊತ್ತಿದೆ, ಒಂದು ವಾರ ಪಕ್ಕ ಕೂರಿಸಿಕೊಂಡರೆ ಪೂರ್ತಿ ಬರುತ್ತದೆ. ಆದರೆ ಅವನ ಹೆಸರು ಬರೆಯುವ ಮುಂಚೆ ಅವನನ್ನು ಕೇಳಿ, ಇಲ್ಲದಿದ್ದರೆ ಯಜಮಾನರ ಎದುರು ಅವನು "ನಂಗೇನ್ ಗೊತ್ತಿಲ್ಲ ಸಾರ್" ಅಂದರೆ ಚೀಟಿಗೆ ಬೆಲೆ ಹೋಯಿತು. ಇನ್ನು ಕೆಲವು ನೀವು ಬರುವವರೆಗೂ ಕಾಯಬಹುದಾದದ್ದು: ಖರೀದಿ ಬಿಲ್ಲುಗಳ ಎಂಟ್ರಿ, ಬ್ಯಾಂಕ್ ತಾಳೆ. ಅವು ಕಾಯುತ್ತವೆ ಅಂತ ಧೈರ್ಯವಾಗಿ ಬರೆಯಿರಿ. ಎಲ್ಲವನ್ನೂ ಯಾರಿಗಾದರೂ ಹಂಚಲೇಬೇಕು ಅಂತಿಲ್ಲ.

ಇದರಲ್ಲಿ ಎಲ್ಲರೂ ಮರೆಯುವುದು ಇ-ವೇ ಬಿಲ್. 50,000 ರೂಪಾಯಿ ದಾಟಿದ ಮಾಲು ಟೆಂಪೋ ಹತ್ತುವ ಮುಂಚೆ ಅದು ಬೇಕು. ಲಾಗಿನ್ ನಿಮ್ಮ ಹತ್ತಿರ, ಒಟಿಪಿ ಬರುವುದು ಅಂಗಡಿಯಲ್ಲಿ ನೋಂದಾಯಿಸಿದ ಫೋನಿಗೆ. ಆ ಫೋನ್ ನಿಮ್ಮ ಜೇಬಿನಲ್ಲೇ ಇದ್ದರೆ ನೀವು ಮಂಟಪದಲ್ಲಿ ನಿಂತು ಒಟಿಪಿ ಓದಬೇಕಾಗುತ್ತದೆ. ಹೊರಡುವ ಮುಂಚೆ ಫೋನ್, ಗಲ್ಲಾ ಕೀ, ಚೆಕ್ ಪುಸ್ತಕ, ಇವು ಯಾರ ಕೈಗೆ ಅಂತ ಚೀಟಿಯಲ್ಲಿ ಹೇಳಿ. ಪಾಸ್‌ವರ್ಡ್‌ಗಳನ್ನು ಮಾತ್ರ ಚೀಟಿಯಲ್ಲಿ ಬರೆಯಬೇಡಿ, ಅದು ಗಲ್ಲಾದ ಮೇಲೆ ಎರಡು ದಿನ ಬಿದ್ದಿರುತ್ತದೆ. ಮಗನಿಗೆ ಬೇರೆಯಾಗಿ ಕೊಡಿ.

ದುಡ್ಡಿನ ಮಾತು ಬಿಡಬೇಡಿ

ರಜೆ ಸಂಬಳ ಸಹಿತವೋ ಅಲ್ಲವೋ ಅನ್ನುವುದನ್ನು ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಆದರೆ ಒಂದನೇ ತಾರೀಕಿನ ಜಗಳ ಹುಟ್ಟುವುದು ಇದನ್ನು ಬಿಟ್ಟಿದ್ದಕ್ಕೇ. 18,000 ಸಂಬಳ ಅಂದುಕೊಳ್ಳಿ. ನಾಲ್ಕು ದಿನ ಕಟ್ ಮಾಡುವಾಗ ತಿಂಗಳನ್ನು 30 ದಿನ ಅಂತ ಭಾಗಿಸಿದರೆ ದಿನಕ್ಕೆ 600, ಒಟ್ಟು 2,400. 26 ಕೆಲಸದ ದಿನ ಅಂತ ಭಾಗಿಸಿದರೆ ಸುಮಾರು 2,769. 30ರ ಲೆಕ್ಕದಲ್ಲೇ ಭಾನುವಾರವನ್ನೂ ಸೇರಿಸಿ ಐದು ದಿನ ಅಂದರೆ 3,000. ಒಂದೇ ರಜೆಗೆ ಮೂರು ಲೆಕ್ಕ. ಅದಕ್ಕೇ ಚೀಟಿಯಲ್ಲಿ ತಾರೀಕಿನ ಜೊತೆ ವಾರವೂ ಇರಬೇಕು, ಭಾನುವಾರ ಅಂಗಡಿ ರಜೆ ಅಂತಲೂ ಇರಬೇಕು.

ಕಾನೂನು ಏನು ಹೇಳುತ್ತದೆ ಅಂತ ತಿಳಿದಿರುವುದು ಒಳ್ಳೆಯದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ವಾರ್ಷಿಕ ರಜೆ ಸಿಗಬೇಕು. ವರ್ಷಕ್ಕೆ 280 ದಿನ ಕೆಲಸ ಮಾಡಿದವರಿಗೆ 14 ದಿನ ಆಯಿತು. ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಇನ್ನೊಂದು ಸಂಬಳ ಸಹಿತ ರಜೆಯೂ ಇದೆ. ಆದರೆ ಮೊದಲ ಚೀಟಿಯಲ್ಲೇ ಕಾಯ್ದೆಯ ಹೆಸರು ಎತ್ತಬೇಡಿ. ಇನ್ನೂ ಇಲ್ಲ ಅನ್ನದ ಮನುಷ್ಯನ ಮುಂದೆ ಕಾಯ್ದೆ ಹಿಡಿದರೆ ಮಾತು ಕೆಡುತ್ತದೆ. "ನನ್ನ ವರ್ಷದ ರಜೆಯಲ್ಲಿ ಇದನ್ನು ಹಿಡಿಯಿರಿ" ಅಂದರೆ ಅದೇ ವಿಷಯವನ್ನು ಸೌಮ್ಯವಾಗಿ ಹೇಳಿದಂತೆ.

ಇನ್ನೊಂದು ಮಾತು. ಮದುವೆ ಖರ್ಚಿಗೆ ಅಡ್ವಾನ್ಸ್ ಬೇಕಿದ್ದರೆ ಅದನ್ನು ಇದೇ ಚೀಟಿಗೆ ಸೇರಿಸಬೇಡಿ. ಎರಡೂ ಒಟ್ಟಿಗೆ ಕೇಳಿದರೆ ಅಡ್ವಾನ್ಸ್ ಕೊಡಲು ಮನಸ್ಸಿಲ್ಲದಿದ್ದಾಗ ರಜೆಯ ಉತ್ತರವೂ ನಿಂತುಹೋಗುತ್ತದೆ. ರಜೆಗೆ ಸಹಿ ಬಿದ್ದ ಮೇಲೆ ಬೇರೆ ದಿನ, ಬೇರೆ ಕಾಗದ.

ಚೀಟಿ ಹೀಗಿರಬಹುದು

> 2 ಏಪ್ರಿಲ್ 2026
>
> ಶ್ರೀ (ಯಜಮಾನರ ಹೆಸರು) ಅವರಿಗೆ,
> (ಅಂಗಡಿಯ ಹೆಸರು), ಎಸ್‌.ಜೆ.ಪಿ. ರಸ್ತೆ, ಬೆಂಗಳೂರು
>
> ವಿಷಯ: ಏಪ್ರಿಲ್ 22ರಿಂದ 25ರವರೆಗೆ ನಾಲ್ಕು ದಿನ ರಜೆ
>
> ಅಣ್ಣನವರಿಗೆ ನಮಸ್ಕಾರ.
>
> ಇವತ್ತು ಬೆಳಿಗ್ಗೆ ಹೇಳಿದಂತೆ, ನನ್ನ ತಂಗಿಯ ಮದುವೆ ಏಪ್ರಿಲ್ 23, ಗುರುವಾರ ತಿಪಟೂರಿನಲ್ಲಿ ಇದೆ. 25 ಶನಿವಾರ ಬೀಗರೂಟ. ಮನೆಯಲ್ಲಿ ನಾನೇ ದೊಡ್ಡವನಾದ್ದರಿಂದ ನಾನು ಇರಲೇಬೇಕು.
>
> ಏಪ್ರಿಲ್ 22 ಬುಧವಾರದಿಂದ 25 ಶನಿವಾರದವರೆಗೆ ನಾಲ್ಕು ದಿನ ರಜೆ ಕೊಡಬೇಕೆಂದು ಕೇಳುತ್ತೇನೆ. ಇದನ್ನು ನನ್ನ ವರ್ಷದ ಸಂಬಳ ಸಹಿತ ರಜೆಯಲ್ಲಿ ಹಿಡಿಯಿರಿ. 26 ಭಾನುವಾರ ಅಂಗಡಿಗೆ ರಜೆ. 27 ಸೋಮವಾರ ಬೆಳಿಗ್ಗೆ ಮಾಮೂಲಿ ಹೊತ್ತಿಗೆ ಕೆಲಸಕ್ಕೆ ಬರುತ್ತೇನೆ.
>
> ಮಾರ್ಚ್ ತಿಂಗಳ 3ಬಿ ಲೆಕ್ಕವನ್ನು ಏಪ್ರಿಲ್ 16ರೊಳಗೆ ಆಡಿಟರ್‌ಗೆ ಕಳಿಸುತ್ತೇನೆ. ಬಿಲ್ಲಿಂಗ್ ಕೆಲಸವನ್ನು ಕೌಂಟರಿನ ಮಹೇಶ ನೋಡಿಕೊಳ್ಳಲು ಒಪ್ಪಿದ್ದಾನೆ, 13ರಿಂದ ದಿನಾ ಮಧ್ಯಾಹ್ನ ಅವನಿಗೆ ಹೇಳಿಕೊಡುತ್ತೇನೆ. ಇ-ವೇ ಬಿಲ್ ಫೋನ್, ಗಲ್ಲಾ ಕೀ ಮತ್ತು ಚೆಕ್ ಪುಸ್ತಕವನ್ನು 21ರ ಸಂಜೆ ಚಿಕ್ಕ ಯಜಮಾನರಿಗೆ ಕೊಟ್ಟು ಹೋಗುತ್ತೇನೆ. ಆ ವಾರ ದುಡ್ಡು ಬರಬೇಕಾದ ಪಾರ್ಟಿಗಳ ಪಟ್ಟಿಯನ್ನೂ ಅವರಿಗೇ ಕೊಡುತ್ತೇನೆ. ಖರೀದಿ ಬಿಲ್ಲುಗಳ ಎಂಟ್ರಿಯನ್ನು ನಾನು ಬಂದ ಮೇಲೆ ಮಾಡುತ್ತೇನೆ.
>
> 22, 24 ಮತ್ತು 25ರಂದು ಸಂಜೆ 4ರಿಂದ 5ರವರೆಗೆ ಫೋನಿಗೆ ಸಿಗುತ್ತೇನೆ. 23ರಂದು ಆಗುವುದಿಲ್ಲ.
>
> ಊರಿಗೆ ಬಸ್ ಟಿಕೆಟ್ ಮಾಡಿಸಬೇಕಿದೆ, 8ನೇ ತಾರೀಕಿನೊಳಗೆ ತಿಳಿಸಿದರೆ ಅನುಕೂಲ.
>
> ಇಂತಿ,
> (ನಿಮ್ಮ ಹೆಸರು, ಸಹಿ, ಫೋನ್ ನಂಬರ್)
>
> ಪ್ರತಿ: ಚಿಕ್ಕ ಯಜಮಾನರಿಗೆ, ಅಮ್ಮನವರಿಗೆ
>
> ರಜೆ ಒಪ್ಪಿದೆ / ಒಪ್ಪಿಲ್ಲ ...... ಸಂಬಳ ಸಹಿತ / ರಹಿತ ...... ಸಹಿ ಮತ್ತು ತಾರೀಕು ......

ಕೈಬರಹದಲ್ಲೇ ಬರೆಯಬಹುದು, ಟೈಪ್ ಮಾಡಲೇಬೇಕು ಅಂತಿಲ್ಲ. ಯಜಮಾನರಿಗೆ ಕನ್ನಡ ಓದಲು ಬರುವುದಿಲ್ಲ ಅಂದರೆ, ಪೇಟೆಯಲ್ಲಿ ಅಂಥವರು ಎಷ್ಟೋ ಜನ ಇದ್ದಾರೆ, ಅವರು ಓದುವ ಭಾಷೆಯಲ್ಲೇ ಬರೆಸಿ, ನೀವು ಅರ್ಥ ಮಾಡಿಕೊಂಡು ಸಹಿ ಹಾಕಿ.

ಕೊನೆಯ ಎರಡು ವಿಷಯ ಗಮನಿಸಿ. ಒಂದು, ಫೋನಿಗೆ ಸಿಗುವ ಹೊತ್ತು. ಅದನ್ನು ನೀವೇ ಗೊತ್ತು ಮಾಡದಿದ್ದರೆ ಧಾರೆ ಹೊತ್ತಿನಲ್ಲೂ "ಆ ಎರಡೂವರೆ ಸ್ಕ್ವೇರ್ ವೈರ್ ರೇಟ್ ಎಷ್ಟಿತ್ತು?" ಅಂತ ಫೋನ್ ಬರುತ್ತದೆ. ಇನ್ನೊಂದು, 8ನೇ ತಾರೀಕು. "ಆದಷ್ಟು ಬೇಗ ತಿಳಿಸಿ" ಅಂದರೆ ಯಾರೂ ತಿಳಿಸುವುದಿಲ್ಲ. ಒಂದು ತಾರೀಕು ಇರಬೇಕು, ಆ ತಾರೀಕಿಗೆ ಟಿಕೆಟ್‌ನಂಥ ನಿಜವಾದ ಕಾರಣವೂ ಇರಬೇಕು, ಆಗ ಅದು ಗಡುವು ಹಾಕಿದಂತೆ ಕೇಳಿಸುವುದಿಲ್ಲ.

ಉತ್ತರವನ್ನು ಬರಹಕ್ಕೆ ತರುವುದು

ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸಹಿ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ಕೆಲವರಿಗೆ ಸಹಿ ಅಂದರೆ ಹಿಂಜರಿಕೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತಾರೆ. ಆಗ "ಅಮ್ಮನವರು ಸಂಬಳ ಲೆಕ್ಕ ಹಾಕುವಾಗ ಸಲೀಸು ಆಗಲಿ ಅಂತ ಅಣ್ಣಾ" ಅನ್ನಿ. ಅದು ನಿಜವೂ ಹೌದು. ಅದಕ್ಕೂ ಒಪ್ಪದಿದ್ದರೆ ಒತ್ತಾಯ ಬೇಡ. ಅವತ್ತೇ ಸಂಜೆ ಚೀಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಮೂವರಿಗೂ ಕಳಿಸಿ, ಕೆಳಗೆ ಹೀಗೆ ಬರೆಯಿರಿ: "ಅಣ್ಣಾ, ಇವತ್ತು ನೀವು ಒಪ್ಪಿದಂತೆ ಏಪ್ರಿಲ್ 22ರಿಂದ 25 ರಜೆ, ಸಂಬಳ ಸಹಿತ. 27ಕ್ಕೆ ಬರುತ್ತೇನೆ." ಅವರು ಒಂದು ಕೈ ಮುಗಿದ ಚಿಹ್ನೆ ಕಳಿಸಿದರೂ ಸಾಕು, ತಾರೀಕಿನ ಸಮೇತ ನಿಮ್ಮ ಹತ್ತಿರ ಉಳಿಯುತ್ತದೆ. ಒಪ್ಪದೇ ಇರುವುದನ್ನು ಒಪ್ಪಿದ್ದಾರೆ ಅಂತ ಮಾತ್ರ ಬರೆಯಬೇಡಿ.

ಬರೀ "ನೋಡೋಣ" ಬಂದರೆ ಅದು ಒಪ್ಪಿಗೆ ಅಲ್ಲ. 8ನೇ ತಾರೀಕು ಬೆಳಿಗ್ಗೆ ಮತ್ತೆ ಹೋಗಿ, ಆದರೆ ರಜೆ ಕೊಡ್ತೀರಾ ಅಂತ ಕೇಳಬೇಡಿ. "ಅಣ್ಣಾ, ಕೆಲಸದಲ್ಲಿ ಯಾವುದರ ಬಗ್ಗೆ ಯೋಚನೆ ಇದೆ?" ಅಂತ ಕೇಳಿ. ಹೆಚ್ಚಾಗಿ ಒಂದೇ ವಿಷಯ ಅವರನ್ನು ತಡೆದಿರುತ್ತದೆ, ಶನಿವಾರದ ಕಲೆಕ್ಷನ್ನೋ, ಯಾವುದೋ ದೊಡ್ಡ ಆರ್ಡರ್ರೋ. ಅದಕ್ಕೆ ಅಲ್ಲೇ ಒಂದು ದಾರಿ ಹೇಳಿ, ಚೀಟಿಯಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿಸಿ. ಮೂರು ದಿನ ತಗೋ ಅಂದರೆ ಬೀಗರೂಟ ಬಿಡಬಹುದಾ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ, ಅಲ್ಲೇ ನಿಂತು ತಡಬಡಾಯಿಸುವುದು ತಪ್ಪುತ್ತದೆ.

ವರ್ಷವಿಡೀ ಯಾವ ರಜೆಗೂ ಒಪ್ಪದೆ, ತಗೊಂಡ ಪ್ರತಿ ದಿನಕ್ಕೂ ಸಂಬಳ ಕಟ್ ಮಾಡುವ ಕಡೆ ಕೆಲಸ ಮಾಡುತ್ತಿದ್ದರೆ ಆಗ ಕಾಯ್ದೆಯ ಮಾತು ಬರುತ್ತದೆ. ನಿಮ್ಮ ಏರಿಯಾದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು, ಕಾರ್ಮಿಕ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಅಲ್ಲಿ ಮೊದಲು ಕೇಳುವುದು ಏನಾದರೂ ಬರಹದಲ್ಲಿ ಇದೆಯಾ ಅಂತ. ಸಹಿ ಬೀಳದ ಚೀಟಿಯ ಪ್ರತಿಯೂ, ವಾಟ್ಸಾಪ್ ಸಂದೇಶವೂ ಆಗ ಕೆಲಸಕ್ಕೆ ಬರುತ್ತವೆ.

ಇದ್ದಕ್ಕಿದ್ದಂತೆ ಹೋಗಬೇಕಾದರೆ

ರಾತ್ರಿ ಹನ್ನೊಂದಕ್ಕೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂದರೆ ಮೇಲಿನದ್ಯಾವುದೂ ಆಗುವುದಿಲ್ಲ. ಆಗ ನಾಲ್ಕು ಸಾಲಿನ ಸಂದೇಶ ಸಾಕು. "ಅಣ್ಣಾ, ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ. ಈಗಲೇ ಊರಿಗೆ ಹೊರಟಿದ್ದೇನೆ. ಗಲ್ಲಾ ಕೀ ಮಹೇಶನ ಹತ್ತಿರ ಕೊಟ್ಟಿದ್ದೇನೆ. ನಾಳೆ ಸಂಜೆ 6ಕ್ಕೆ ಫೋನ್ ಮಾಡಿ ಎಷ್ಟು ದಿನ ಅಂತ ಹೇಳುತ್ತೇನೆ." ದಿನ ಗೊತ್ತಿಲ್ಲದಾಗ ಸುಮ್ಮನೆ ಎರಡು ದಿನ ಅನ್ನಬೇಡಿ, ಮುಂದಿನ ಫೋನ್ ಯಾವಾಗ ಅಂತ ಹೇಳಿ, ಆ ಹೊತ್ತಿಗೆ ತಪ್ಪದೆ ಮಾಡಿ. ವಾಪಸ್ ಬಂದ ದಿನವೇ ಹೋಗಿದ್ದ ತಾರೀಕುಗಳನ್ನು ಹಾಕಿ ಒಂದು ಚಿಕ್ಕ ಚೀಟಿ ಕೊಡಿ, ಆಸ್ಪತ್ರೆಯ ಕಾಗದದ ಜೆರಾಕ್ಸ್ ಜೊತೆಗೆ. 12 ದಿನದ ರಜೆ ಇರುವುದು ಇಂಥದ್ದಕ್ಕೇ.

ಸಣ್ಣ ಅಂಗಡಿಯಲ್ಲಿ ಯಾರ ರಜೆ ಎಷ್ಟು ಉಳಿದಿದೆ ಅಂತ ಬರೆದಿಡುವವರು ಕಡಿಮೆ, ಹಾಗಾಗಿ ನಿಮ್ಮದು ನೀವೇ ಒಂದು ಡೈರಿಯಲ್ಲಿ ಬರೆದಿಡಿ: ತಾರೀಕು, ಎಷ್ಟು ದಿನ, ಸಂಬಳ ಸಹಿತವೋ ಅಲ್ಲವೋ. ಮೇ ಒಂದಕ್ಕೆ ಕಾರ್ಮಿಕರ ದಿನ, ಅಂಗಡಿ ಮುಚ್ಚಿರಬಹುದು, ಎರಡನೇ ತಾರೀಕು ಸಂಬಳ ಕೈಗೆ ಬಂದ ತಕ್ಷಣ ಎಣಿಸಿ ನೋಡಿ. ಕಡಿಮೆ ಇದ್ದರೆ ಅವತ್ತೇ ಸಹಿ ಇರುವ ಪ್ರತಿಯನ್ನು ಅಮ್ಮನವರ ಮುಂದೆ ಇಟ್ಟು "ಅಮ್ಮಾ, ಇದು ಲೆಕ್ಕಕ್ಕೆ ಬಂದಿಲ್ಲ ಅನ್ಸತ್ತೆ, ಒಂದ್ಸಲ ನೋಡ್ತೀರಾ?" ಅನ್ನಿ. ಮುಂದಿನ ತಿಂಗಳಿಗೆ ಬಿಟ್ಟರೆ ಅವರ ಪುಸ್ತಕದಲ್ಲಿ ಆ ತಿಂಗಳ ಲೆಕ್ಕ ಮುಗಿದುಹೋಗಿರುತ್ತದೆ.